ವರ್ಗಗಳ ಮೊತ್ತ ಮಾಡೋಕೆ ಹೋದ್ರೆ ಮೈನಸ್ ಉಳೀತಿದೆ, ನಿಮಗೆಲ್ಲ ಹೇಗಾಯ್ತು?

ಕೇಳಿದವರು: x²+3y²+4z²+2xy−2xz−6yz ಸೊನ್ನೆಗಿಂತ ಕೆಳಗೆ ಹೋಗಲ್ಲ ಅಂತ ತೋರಿಸ್ಬೇಕು. (x+y)²+(x−z)² ತೆಗೆದ್ರೆ −x² ಉಳ್ಕೊಳ್ಳುತ್ತೆ. ಇಂಥದ್ರಲ್ಲಿ ಸಿಕ್ಕಾಕೊಂಡೋರು ಹೇಗೆ ಬಿಡಿಸ್ಕೊಂಡ್ರಿ?

ಹಳೇಹಾಳೆ: ನಾನು ಜೋಡಿ ಜೋಡಿ ಹುಡುಕೋದು ಬಿಟ್ಟು ಎಷ್ಟೋ ಕಾಲ ಆಯ್ತು. x ಇರೋದೆಲ್ಲ ಒಂದೇ ವರ್ಗದೊಳಗೆ ಹೋಗ್ಬೇಕು, (x+y−z)², ಆಮೇಲೆ x ಕಡೆ ತಿರುಗಿ ನೋಡೋ ಹಂಗಿಲ್ಲ. ಉಳಿಯೋದು 2y²−4yz+3z², ಅಂದ್ರೆ 2(y−z)²+z². ಎರಡನೇ ಡಿಗ್ರಿದು ಹಿಂಗೆ ಮಾಡ್ತಾ ಹೋದಾಗ ವರ್ಗದ ಮುಂದೆ ಮೈನಸ್ ಬಂತು ಅಂದ್ರೆ ಅದು ನಿಜವಾಗ್ಲೂ ಎಲ್ಲೋ ಮೈನಸ್ ಆಗುತ್ತೆ, ಲೆಕ್ಕ ತಪ್ಪಿಲ್ಲದಿದ್ರೆ.

ಛಲದಂಕ: ಡಿಗ್ರಿ ಎಷ್ಟಾದ್ರೂ ಇರ್ಲಿ, ಮೈನಸ್ ಆಗದೇ ಇರೋದೆಲ್ಲ ವರ್ಗಗಳ ಮೊತ್ತ ಆಗೇ ಆಗುತ್ತೆ, ತಾಳ್ಮೆ ಬೇಕಷ್ಟೆ. ನಾನು ಒಂದು ನಾಲ್ಕನೇ ಡಿಗ್ರಿದು ಹಾಳೆ ಹಾಳೆ ಹರಿದು ಕೊನೆಗೂ ಮಾಡ್ದೆ.

ನೊಂದಜೀವ: ಈ ತಾಳ್ಮೆ ಮಾತು ನಂಬಿಯೇ ನನ್ನ ರಜೆ ಪೂರ್ತಿ ಹೋಗಿದ್ದು ಸ್ವಾಮಿ! x⁴y²+x²y⁴−3x²y²+1. ಮೈನಸ್ ಆಗಲ್ಲ, x⁴y², x²y⁴, 1 ಮೂರಕ್ಕೂ ಎಎಂ-ಜಿಎಂ ಹಾಕಿದ್ರೆ ಒಂದೇ ಸಾಲು. ಆದ್ರೆ ವರ್ಗಗಳಾಗಿ ಒಡೀರಿ ನೋಡೋಣ. y=0 ಇಟ್ರೆ 1 ಮಾತ್ರ ಉಳಿಯುತ್ತೆ, ಹಾಗಾಗಿ ಯಾವ ವರ್ಗದೊಳಗೂ ಬರೀ x, x² ಇರೋ ಹಂಗಿಲ್ಲ, y ಕಥೆನೂ ಅದೇ. ಒಳಗೆ ಇರಬಹುದಾದ್ದು 1, xy, x²y, xy² ಅಷ್ಟೆ. ಆಗ x²y² ಬರೋದು xy ಅನ್ನ ವರ್ಗ ಮಾಡಿದ್ರೆ ಮಾತ್ರ, ಅದರ ಗುಣಾಂಕ −3 ಹೆಂಗ್ರೀ ಆಗುತ್ತೆ? ಮೋಟ್ಸ್‌ಕಿನ್ 1967ರಲ್ಲೇ ಕೊಟ್ಟಿದ್ದು ಇದು, ನಂಗೆ ಮಾತ್ರ ಯಾರೂ ಹೇಳ್ಲಿಲ್ಲ.

ಛಲದಂಕ: ನಂದು ಎರಡು ಚರದ ನಾಲ್ಕನೇ ಡಿಗ್ರಿ, ಅದು ಆಯ್ತಲ್ಲ.

ನೊಂದಜೀವ: ಅದು ಯಾವಾಗ್ಲೂ ಆಗುತ್ತೆ, ಹಿಲ್ಬರ್ಟ್ 1888ರಲ್ಲೇ ತೋರಿಸಿದ್ದಾನೆ. ಅದು ನಿಮ್ಮ ತಾಳ್ಮೆ ಅಲ್ಲ.

ಇಳಿಜಾರು: ಇಷ್ಟೆಲ್ಲ ಯಾಕೆ, ಡಿಫರೆನ್ಷಿಯೇಟ್ ಮಾಡಿ ಮಿನಿಮಮ್ ನೋಡಿದ್ರಾಯ್ತು. ನಾನು ಎಲ್ಲದಕ್ಕೂ ಅದೇ ಮಾಡೋದು.

ಹಳೇಹಾಳೆ: ಅವ್ರು ಕೇಳಿದ್ದು ಅದಲ್ಲ. ನೊಂದಜೀವ ಅವ್ರೇ, ನಿಮ್ದನ್ನ (x²+y²)² ಇಂದ ಗುಣಿಸಿ ನೋಡಿ. s=x²+y², p=x²y² ಅಂದ್ಕೊಂಡ್ರೆ ನಿಮ್ದು ps−3p+1. ಗುಣಿಸಿದ್ಮೇಲೆ ಅದು p(s+1)(s−2)² + (x²−y²)² ಆಗುತ್ತೆ, ಬಿಡಿಸಿದ್ರೆ ಎಲ್ಲಾ ವರ್ಗಗಳೇ.

ನೊಂದಜೀವ: ಬಿಡಿಸ್ದೆ, ಸರಿ ಇದೆ. ಆದ್ರೆ ಯಾವುದ್ರಿಂದ ಗುಣಿಸ್ಬೇಕು ಅಂತ ಮೊದ್ಲೇ ಹೆಂಗೆ ಗೊತ್ತಾಗೋದು?

ದಶಮಾಂಶ: ಕಂಪ್ಯೂಟರಿಗೆ ಕೊಡಿ. ನಾನು ಮ್ಯಾಟ್ರಿಕ್ಸ್ ಮಾಡಿ ಸಾಲ್ವರ್‌ಗೆ ಹಾಕ್ತೀನಿ. ತೊಂದ್ರೆ ಒಂದೇ, ಎಕ್ಸ್‌ಪ್ರೆಶನ್ ಎಲ್ಲಾದ್ರೂ ಸೊನ್ನೆ ಮುಟ್ಟಿದ್ರೆ 0.4999998 ಥರ ಬರೋದನ್ನ ಭಿನ್ನರಾಶಿ ಮಾಡೋಕೆ ಹೋದಾಗ ಒಂದು ಐಗನ್ ವ್ಯಾಲ್ಯೂ ಸೊನ್ನೆಯಿಂದ ಕೆಳಗೆ ಜಾರುತ್ತೆ, ಪ್ರೂಫ್ ಅಲ್ಲೇ ಸತ್ತೋಯ್ತು.

ಛಲದಂಕ: ಅಂದ್ರೆ ಕೊನೆಗೆ ಕೈಯಲ್ಲೇ ಮಾಡ್ಬೇಕು. ನಾನು ಹೇಳಿದ್ದೂ ಅದೇ.

ದಶಮಾಂಶ: ನೀವು ಹೇಳಿದ್ದು ಅದಲ್ಲ, ಮೇಲೆ ಹೋಗಿ ಓದಿ.