ನೆರಳಿದೆ, ಬಕೆಟ್ಟಿಲ್ಲ

ಫೋಟೋಗ್ರಫಿ ಕ್ಲಬ್ಬಿನಲ್ಲಿ ಅರ್ಧ ಗಂಟೆ ಮಾತಾಡಿ ಅಂತ ಸೆಕ್ರೆಟರಿಗಳು ಕೇಳಿದಾಗ ನಾನು ಒಪ್ಪಿಕೊಂಡದ್ದು ವಿದ್ವತ್ತಿನಿಂದಲ್ಲ, ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ಟಿನ ಮೇಲಿನ ಸಿಟ್ಟಿನಿಂದ. ಅದರ ಚಿತ್ರವನ್ನೇ ಮೊದಲು ಪರದೆಗೆ ಹಾಕಿದೆ. ಒಬ್ಬ ಅಜ್ಜ ಬೆಂಚಿನ ಮೇಲೆ ಕೂತು ಪೇಪರು ಓದುತ್ತಿದ್ದಾರೆ. ಹಿಂದೆ ಇಟ್ಟಿಗೆ ಗೋಡೆ, ಬಲಗಡೆಯಿಂದ ಸಂಜೆ ಬಿಸಿಲು. ಬಲ ಅಂಚಿನಲ್ಲಿ ಅರ್ಧ ಬಕೆಟ್ಟು.

"ಅಜ್ಜ ಎಲ್ಲಿ?" ಅಂದರು ಹಿಂದಿನ ಸಾಲಿನಿಂದ ಮೇಷ್ಟ್ರು.

"ಮಧ್ಯದಲ್ಲೇ ಇದ್ದಾರಲ್ಲ ಮೇಷ್ಟ್ರೇ."

"ಹೌದಾ? ನನಗೆ ಬಕೆಟ್ಟು ಕಾಣಿಸಿತು."

ಕಷ್ಟ ಇದ್ದದ್ದು ಅಲ್ಲೇ. ಚಿತ್ರದಲ್ಲಿ ಎಲ್ಲವೂ ಮಣ್ಣಿನ ಬಣ್ಣ, ಇದೊಂದೇ ನೀಲಿ. ಸಾಲದ್ದಕ್ಕೆ ಅಂಚಿಗೆ ಅಂಟಿಕೊಂಡು ಕೂತಿದೆ. ಅಂಚಿನಲ್ಲಿ ಹೊಳೆಯುವ ವಸ್ತು ಇದ್ದರೆ ನೋಡುವವರ ಕಣ್ಣು ಒಳಗೆ ನಿಲ್ಲದೆ ಹೊರಗೆ ಜಾರುತ್ತದೆ. ಚಿತ್ರವನ್ನು ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿದರೆ ಸಾಕು, ಗೊತ್ತಾಗುತ್ತದೆ: ಅಜ್ಜ ಮಾಯ, ಬಕೆಟ್ಟು ಮಾತ್ರ ಠೀವಿಯಿಂದ ಕೂತಿರುತ್ತದೆ.

"ಅದಕ್ಕೇನ್ರೀ, ಅಳಿಸಿದರಾಯಿತು. ಐದು ನಿಮಿಷದ ಕೆಲಸ," ಅಂದ ಕ್ಲೋನಣ್ಣ. ಅವನ ನಿಜವಾದ ಹೆಸರು ಕ್ಲಬ್ಬಿನಲ್ಲಿ ಯಾರಿಗೂ ನೆನಪಿಲ್ಲ. ಚಿತ್ರದ ಒಂದು ಕಡೆಯದನ್ನು ನಕಲು ಮಾಡಿ ಇನ್ನೊಂದು ಕಡೆ ಬಳಿಯುವ ಕ್ಲೋನ್ ಸ್ಟ್ಯಾಂಪ್ ಕೈಗೆ ಸಿಕ್ಕರೆ ಊಟ ಬಿಡುವವ.

"ನಾನೂ ಐದು ನಿಮಿಷ ಅಂತಲೇ ಕೂತೆ. ಏಳುವಷ್ಟರಲ್ಲಿ ಮೂರು ಗಂಟೆ ಕಳೆದಿತ್ತು."

ಮೊದಲ ಐದು ನಿಮಿಷದಲ್ಲಿ ಬಕೆಟ್ಟು ಹೋಯಿತು ನಿಜ. ಪಕ್ಕದ ಇಟ್ಟಿಗೆಗಳನ್ನು ನಕಲು ಮಾಡಿ ಅದರ ಮೇಲೆ ಬಳಿದಿದ್ದೆ. ಆದರೆ ಗೋಡೆ ಓರೆಯಾಗಿ ಹಿಂದಕ್ಕೆ ಸರಿಯುತ್ತಿತ್ತು. ಎಡಗಡೆ ಇಟ್ಟಿಗೆ ದೊಡ್ಡದು, ಬಲಗಡೆ ಹೋದಂತೆ ಸಣ್ಣದು. ಎಡದಿಂದ ತಂದ ಇಟ್ಟಿಗೆ ಬಲಗಡೆ ಕೂರುವುದಿಲ್ಲ. ಸಿಮೆಂಟಿನ ಗೆರೆ ಅರ್ಧ ದಾರಿಯಲ್ಲಿ ಮೆಟ್ಟಿಲು ಹತ್ತುತ್ತದೆ. ಅದನ್ನು ಹೀಲಿಂಗ್ ಬ್ರಷ್ಷಿನಿಂದ ಸವರಿದೆ, ಗೋಡೆ ಅಷ್ಟೂ ಜಾಗ ಮೇಣ ಬಳಿದಂತೆ ನುಣುಪಾಯಿತು. ಸುತ್ತಲಿನ ಇಟ್ಟಿಗೆಯಲ್ಲಿ ಕ್ಯಾಮೆರಾದ ಸಣ್ಣ ಕಾಳುಕಾಳು ಇದೆ, ನುಣುಪಿನಲ್ಲಿ ಇಲ್ಲ. ಇಷ್ಟರಲ್ಲಿ ಮೂಲೆ ಒಡೆದ ಒಂದು ಇಟ್ಟಿಗೆ ಮೂರು ಕಡೆ ಬಂದು ಕೂತಿತ್ತು, ಒಂದೇ ತಾಯಿಯ ಮಕ್ಕಳ ಹಾಗೆ.

"ಯಾರು ನೋಡ್ತಾರೆ ಅಷ್ಟು ಹತ್ತಿರ?" ಅಂದ ಕ್ಲೋನಣ್ಣ.

"ನಾನು ನೋಡ್ತೀನಪ್ಪ," ಅಂದರು ನಮ್ಮ ಖಜಾಂಚಿ ಅಕ್ಕ. ಲೆಕ್ಕದ ಪುಸ್ತಕದಲ್ಲಿ ಒಂದೇ ಬಿಲ್ಲು ಎರಡು ಸಲ ಬಂದರೆ ಹಿಡಿಯುವ ಕಣ್ಣು ಅದು. "ಇಟ್ಟಿಗೆ ಹಾಳಾಗಿ ಹೋಗಲಿ. ನೆಲದ ಮೇಲೆ ಬಿದ್ದಿರೋ ಈ ಉದ್ದನೆ ನೆರಳು ಯಾರದು?"

ಅದೇ ನನ್ನ ಮಿಕ್ಕ ಎರಡು ಗಂಟೆ ತಿಂದದ್ದು. ಬಿಸಿಲು ಬಲಗಡೆಯಿಂದ ಬಂದದ್ದರಿಂದ ಬಕೆಟ್ಟಿನ ನೆರಳು ಎಡಕ್ಕೆ ಚಾಚಿ ಬೆಂಚಿನ ಕಾಲನ್ನು ಮುಟ್ಟಿತ್ತು. ಬಕೆಟ್ಟು ಅಳಿಸಿದೆ, ನೆರಳು ಉಳಿಯಿತು. ಬುಡ ಇದ್ದ ಜಾಗದಲ್ಲಿ ಬರೀ ನೆಲ, ಅಲ್ಲಿಂದ ನೆರಳು ತಾನಾಗಿಯೇ ಹೊರಟಿದೆ. ನೆರಳನ್ನೂ ಅಳಿಸೋಣ ಅಂದರೆ ಅದು ಬೆಂಚಿನ ಕಾಲಿನ ಮೇಲೂ ಹತ್ತಿದೆ. ಕಾಲನ್ನು ಹೊಸದಾಗಿ ಬಿಡಿಸಬೇಕು. ನಾನು ಫೋಟೋ ತೆಗೆಯುವವನು, ಬಡಗಿಯಲ್ಲ.

"ಕತ್ತರಿಸಿದ್ರಾ ಕೊನೆಗೆ?" ಅಂದರು ಮೇಷ್ಟ್ರು.

ಕತ್ತರಿಸಿದೆ. ಮೂಲ ಚಿತ್ರ 6000×4000 ಪಿಕ್ಸೆಲ್. ಬಕೆಟ್ಟು ಬಲಗಡೆಯ 700 ಪಿಕ್ಸೆಲ್ ಒಳಗಿತ್ತು. ಬಲದಿಂದ 750 ತೆಗೆದೆ. ಅಗಲ, ಎತ್ತರದ ಅನುಪಾತ ಮೊದಲಿನಂತೆಯೇ ಇರಲಿ ಅಂತ ಮೇಲಿನಿಂದ 500 ತೆಗೆದೆ. ಅಲ್ಲಿ ಗೋಡೆಯ ಮೇಲೆ ಬಿಳಿ ಆಕಾಶದ ಒಂದು ಪಟ್ಟಿ ಸುಮ್ಮನೆ ಮಿನುಗುತ್ತಿತ್ತು, ಅದೂ ಹೋಯಿತು. ಉಳಿದದ್ದು 5250×3500. ಇಷ್ಟಕ್ಕೆ ಹಿಡಿದ ಸಮಯ ಹೇಳಲು ನಾಚಿಕೆ.

"ನೆರಳು ಇನ್ನೂ ಇದೆಯಲ್ಲ!" ಕ್ಲೋನಣ್ಣ ಕುಣಿದ.

ಇದೆ. ಆದರೆ ಈಗ ಯಾರೂ ಕೇಳುವುದಿಲ್ಲ. ನೆರಳು ಅಂಚಿನಿಂದ ಒಳಗೆ ಬರುತ್ತಿದೆ. ಹೊರಗೆ ಏನೋ ಇದೆ, ಅದರ ನೆರಳು ಅಂತ ಕಣ್ಣು ತಾನೇ ತೀರ್ಮಾನಿಸಿಕೊಳ್ಳುತ್ತದೆ. ಚೌಕಟ್ಟಿನಾಚೆ ಪ್ರಪಂಚ ಇದೆ ಅನ್ನುವುದನ್ನು ನೋಡುವವರು ಮೊದಲೇ ಒಪ್ಪಿರುತ್ತಾರೆ. ಚೌಕಟ್ಟಿನ ಒಳಗೆ ಒಂದು ವಸ್ತುವನ್ನು ಇಲ್ಲ ಅನ್ನಿಸಬೇಕಾದರೆ ಅದರ ನೆರಳು, ಅದರ ಪ್ರತಿಬಿಂಬ, ಅದು ಮುಚ್ಚಿದ್ದ ಗೋಡೆ ಎಲ್ಲವೂ ಸೇರಿ ಸುಳ್ಳು ಸಾಕ್ಷಿ ಹೇಳಬೇಕು. ಒಂದು ಬಾಯಿ ತಪ್ಪಿದರೂ ಕೇಸು ಬಿದ್ದ ಹಾಗೆ.

"ಪಿಕ್ಸೆಲ್ ಹೋಯ್ತಲ್ಲಾ! 24 ಮೆಗಾಪಿಕ್ಸೆಲ್‌ಗೆ ದುಡ್ಡು ಕೊಟ್ಟದ್ದು," ಅಂದರು ಸೆಕ್ರೆಟರಿಗಳು, ಮನೆಯ ಗೋಡೆಯನ್ನೇ ಒಡೆಸಿಕೊಂಡವರ ದನಿಯಲ್ಲಿ.

ಅಕ್ಕ ಫೋನಿನಲ್ಲಿ ಲೆಕ್ಕ ಹಾಕಿಯೇಬಿಟ್ಟರು. ಉಳಿದದ್ದು 18 ಮೆಗಾಪಿಕ್ಸೆಲ್ ಮೇಲೆ. 18 ಇಂಚು ಅಗಲದ ಪ್ರಿಂಟಿಗೂ ಇಂಚಿಗೆ ಸುಮಾರು 290 ಪಿಕ್ಸೆಲ್ ಸಿಗುತ್ತದೆ. ಪ್ರಿಂಟಿಗೆ 300 ಕೇಳುವುದು ರೂಢಿ. ಈ ಹತ್ತರ ಕೊರತೆ ಹಿಡಿಯುವ ಕಣ್ಣು ಅಕ್ಕನಿಗೂ ಇಲ್ಲವಂತೆ. ಅರ್ಧ ಚಿತ್ರವನ್ನೇ ಕತ್ತರಿಸಿ ಗೋಡೆಯಷ್ಟು ದೊಡ್ಡದು ಮಾಡಿಸುವವರಿಗೆ ಈ ಲೆಕ್ಕ ನಡೆಯುವುದಿಲ್ಲ, ಅದು ಬೇರೆ ಮಾತು. ಕತ್ತರಿಸಿದ ಮೇಲೆ ಮನಸ್ಸು ಬದಲಾಗಬಹುದು ಅನ್ನುವವರು ಫೋಟೋಶಾಪಿನಲ್ಲಿ `Delete Cropped Pixels` ಅನ್ನುವುದರ ಟಿಕ್ ತೆಗೆದಿಡಿ, ಬಕೆಟ್ಟು ಕತ್ತಲಲ್ಲಿ ಕಾದುಕೊಂಡಿರುತ್ತದೆ.

ಮೇಷ್ಟ್ರು ಕೆಮ್ಮಿದರು. ಅಂದರೆ ಕಥೆ ಬರುತ್ತದೆ. "2010ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಸ್ಪರ್ಧೆಯಲ್ಲಿ ಬಹುಮಾನ ಬಂದ ಚಿತ್ರವೊಂದನ್ನು ಅನರ್ಹ ಮಾಡಿದರು, ಗೊತ್ತಾ? ಬೀದಿ ಕಾಳಗದವನೊಬ್ಬನ ಕೈಗೆ ಪಟ್ಟಿ ಸುತ್ತುತ್ತಿರುವ ಚಿತ್ರ. ದೊಡ್ಡ ಫೋಟೋದಿಂದ ಒಂದು ತುಂಡು ಕತ್ತರಿಸಿಕೊಂಡು, ಕಪ್ಪು ಬಿಳುಪು ಮಾಡಿದ್ದರು. ಅದಕ್ಕೆ ತಕರಾರಿಲ್ಲ. ಕೈಯ ಹಿಂದೆ ಯಾರದೋ ಪಾದದ ಚೂರು ಇಣುಕುತ್ತಿತ್ತು. ಅದನ್ನು ಅಳಿಸಿದ್ದಕ್ಕೆ ಬಹುಮಾನ ಹೋಯಿತು."

"ಒಂದು ಪಾದಕ್ಕೆ?"

"ಪಾದವೂ ಅಲ್ಲ, ಪಾದದ ಚೂರು."

ಕ್ಲೋನಣ್ಣ ಒಂದು ಕ್ಷಣ ಮೌನ ಆಚರಿಸಿದ. ಆಮೇಲೆ ಗಟ್ಟಿ ಪ್ರಶ್ನೆಯನ್ನೇ ಕೇಳಿದ: "ಆ ಪಾದ ನಡುವೆ ಇತ್ತಲ್ಲ, ಕತ್ತರಿಸೋದು ಹೇಗೆ?"

ಕತ್ತರಿಸಲಾಗುವುದಿಲ್ಲ, ಅವನ ಮಾತು ಸರಿ. ತಲೆಯ ಮೇಲೆ ಕಂಬ ಮೊಳೆತಿದ್ದರೂ ಅಷ್ಟೇ, ಕಂಬದ ಜೊತೆ ತಲೆಯೂ ಹೋಗುತ್ತದೆ. ಅದಕ್ಕೆ ತೆಗೆಯುವಾಗಲೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಬೇಕಿತ್ತು. ಅಂಚಿನಲ್ಲೂ ಕತ್ತರಿಗೆ ಮಿತಿ ಇದೆ. ನಮ್ಮ ಅಜ್ಜ ಎಡಕ್ಕೆ ತಿರುಗಿದ್ದರಿಂದ ಬದುಕಿದೆ. ಬಲಕ್ಕೆ ನೋಡುತ್ತಿದ್ದರೆ 750 ಪಿಕ್ಸೆಲ್ ತೆಗೆದ ಮೇಲೆ ಮೂಗು ಅಂಚಿಗೆ ಬಡಿಯುತ್ತಿತ್ತು. ಮಣಿಕಟ್ಟಿಗೋ ಪಾದದ ಗಂಟಿಗೋ ಸರಿಯಾಗಿ ಕತ್ತರಿ ಬಿದ್ದರೆ ಕೈಕಾಲು ಮುರಿದ ಹಾಗೆ ಕಾಣುತ್ತದೆ. ತೋಳಿನ ಅಥವಾ ಮೀನಖಂಡದ ನಡುವೆ ಬಿದ್ದರೆ ಅಷ್ಟು ನೋಯುವುದಿಲ್ಲ. ಇನ್ನು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳು ಖಾಲಿ ಆಕಾಶದಲ್ಲಿ ಚುಕ್ಕೆಯಾಗಿ ಬಂದಿದ್ದರೆ ಧಾರಾಳವಾಗಿ ಒರೆಸಿ. ಅದಕ್ಕೆ ನೆರಳಿಲ್ಲ, ಅದು ಅಲ್ಲಿ ಇರಲೇ ಇಲ್ಲ.

"ಅಂದರೆ ನನಗೆ ಉಳಿದದ್ದು ಧೂಳು," ಅಂದ ಕ್ಲೋನಣ್ಣ.

ಆದರೂ ಹೋಗುವಾಗ ನನ್ನ ಫೈಲು ಕೇಳಿ ಇಸಕೊಂಡ. ಬೆಳಿಗ್ಗೆ ಗುಂಪಿಗೆ ಚಿತ್ರ ಹಾಕಿದ್ದ. ನಾನು ಕತ್ತರಿಸಿದಷ್ಟೇ ಕತ್ತರಿಸಿದ್ದ, ಪಾಪ. ಆದರೆ ನೆರಳು ಕಾಣಲಿಲ್ಲ. ಬೆಂಚಿನ ಕಾಲು ಹೊಸದಾಗಿ ಫಳಫಳ ಅನ್ನುತ್ತಿತ್ತು. "ರಾತ್ರಿ ಒಂದೂವರೆವರೆಗೆ ಕೂತೆ. ಈಗ ಹೇಳಿ," ಅಂತ ಕೆಳಗೆ ಬರೆದಿದ್ದ.

ಮೇಷ್ಟ್ರು ಹೆಬ್ಬೆರಳು ಎತ್ತಿದರು. ಸೆಕ್ರೆಟರಿಗಳು ಚಪ್ಪಾಳೆ ಹಾಕಿದರು. ಹತ್ತು ನಿಮಿಷ ಬಿಟ್ಟು ಅಕ್ಕನ ಸಂದೇಶ ಬಂತು:

"ಚೆನ್ನಾಗಿದೆ. ಬೆಂಚಿಗೆ ಐದು ಕಾಲು ಯಾಕೆ?"