200 ಉದ್ದಿನ ವಡೆಗೆ ಎಷ್ಟು ಎಣ್ಣೆ ತರಬೇಕು, ವಡೆ ಕುಡಿಯೋದು ಎಷ್ಟು?

ಪ್ರಶ್ನೆ, ಸೋಮವಾರಪೇಟೆಯಿಂದ: ಭಾನುವಾರ ಮನೇಲಿ ನಾಮಕರಣ. ನೂರು ಜನಕ್ಕೆ ತಲಾ ಎರಡು ಉದ್ದಿನ ವಡೆ. ಅಡುಗೆಯವರು 10 ಲೀಟರ್ ಎಣ್ಣೆ ಬರೆಸಿದ್ದಾರೆ. ಅಷ್ಟು ಬೇಕಾ? ನಿಜವಾಗಿ ವಡೆಯೊಳಗೆ ಎಷ್ಟು ಹೋಗುತ್ತೆ, ಎಷ್ಟು ವಾಪಸ್ ಉಳಿಯುತ್ತೆ?

ವಿರಾಜಪೇಟೆಯ ಸದಸ್ಯರು: ಸುಲಭದ ಲೆಕ್ಕ ಇದೆಯಲ್ಲ. ಒಂದು ಕೆಜಿ ಉದ್ದಿನಬೇಳೆಗೆ ಒಂದು ಲೀಟರ್ ಎಣ್ಣೆ. 200 ವಡೆಗೆ ನಾಲ್ಕೂವರೆ ಕೆಜಿ ಬೇಳೆ, ಹಾಗಾಗಿ ನಾಲ್ಕೂವರೆ ಲೀಟರ್. 10 ಲೀಟರ್ ಜಾಸ್ತಿ ಆಯ್ತು.

ಕುಶಾಲನಗರದ ಕೇಟರಿಂಗ್ ಅಡುಗೆಯವರು: ಇಲ್ಲಿ ಎರಡು ಬೇರೆ ಎಣ್ಣೆಗಳು ಸೇರಿಕೊಂಡಿವೆ. ಒಂದು ಬಾಣಲೆಯಲ್ಲಿ ನಿಲ್ಲೋ ಎಣ್ಣೆ. ಅದು ಬಾಣಲೆಯ ಅಗಲದ ಮೇಲೆ ಹೋಗುತ್ತೆ, ವಡೆ 50 ಇರಲಿ 500 ಇರಲಿ ಅಷ್ಟೇ ಬೇಕು, ಕೊನೆಗೆ ಹೆಚ್ಚುಕಮ್ಮಿ ಪೂರ್ತಿ ವಾಪಸ್ ಸಿಗುತ್ತೆ. ಇನ್ನೊಂದು ವಡೆ ಕುಡಿಯೋ ಎಣ್ಣೆ. ಅದು ವಡೆಯ ಲೆಕ್ಕಕ್ಕೆ ಏರುತ್ತೆ, ವಾಪಸ್ ಬರಲ್ಲ.

ಕುಡಿಯೋದನ್ನ ಮೊದಲು ಹೇಳ್ತೀನಿ. ಒಂದು ಕೆಜಿ ಬೇಳೆ ನೆನೆದು ಎರಡು ಕೆಜಿ ಆಗುತ್ತೆ, ರುಬ್ಬುವಾಗ ಚಿಮುಕಿಸೋ ನೀರು ಸೇರಿ ಸುಮಾರು 2.25 ಕೆಜಿ ಹಿಟ್ಟು. ವಡೆಗೆ 50 ಗ್ರಾಂ ಹಿಟ್ಟು ಹಿಡಿದರೆ 200 ವಡೆಗೆ 10 ಕೆಜಿ ಹಿಟ್ಟು, ಅಂದ್ರೆ ನಾಲ್ಕೂವರೆ ಕೆಜಿ ಬೇಳೆ. ಹಿಟ್ಟು ಗಟ್ಟಿಯಾಗಿದ್ದು, ಎಣ್ಣೆ ಸರಿಯಾಗಿ ಕಾದು, ತೆಗೆದ ಮೇಲೆ ಚೆನ್ನಾಗಿ ಬಸಿದರೆ ಅಷ್ಟು ದೊಡ್ಡ ವಡೆಗೆ 5–6 ಗ್ರಾಂ ಎಣ್ಣೆ ಇಳಿಯುತ್ತೆ. 6 ಗ್ರಾಂ ಇಟ್ಟುಕೊಳ್ಳಿ. 200ಕ್ಕೆ 1,200 ಗ್ರಾಂ, ಅಂದ್ರೆ 1.3 ಲೀಟರ್. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ 910 ಗ್ರಾಂ ತೂಗುತ್ತೆ, ಒಂದು ಕೆಜಿ ಅಲ್ಲ. ಅಂಗಡಿಯಲ್ಲಿ ಕೆಲವು ಪ್ಯಾಕೆಟ್ ನೋಡೋಕೆ ಲೀಟರ್ ಥರ ಇದ್ರೂ ಒಳಗೆ ಕಮ್ಮಿ ಇರುತ್ತೆ, ಹಿಂದೆ ಬರೆದಿರೋ ಗ್ರಾಂ ಓದಿ ತಗೊಳ್ಳಿ.

ಇನ್ನು ಬಾಣಲೆ. 16 ಇಂಚಿನದಾದ್ರೆ 3 ಲೀಟರ್ ಹಾಕಿ, ನಡುವೆ ನಾಲ್ಕು ಬೆರಳು ಆಳ ಬರುತ್ತೆ, ಮೇಲೆ ನೊರೆಗೆ ಜಾಗ ಉಳಿಯುತ್ತೆ. ಒಂದು ಸಲಕ್ಕೆ 10 ವಡೆ, ಒಟ್ಟು 20 ಸಲ, ಎರಡು ಗಂಟೆ ಕೆಲಸ. ಪ್ರತಿ ಸಲ 60 ಗ್ರಾಂ ಇಳಿಯುತ್ತೆ. ಹಾಗಾಗಿ ಐದು ಸಲ ಕರಿದ ಮೇಲೆ ಒಂದೂವರೆ ಲೋಟದಷ್ಟು, 330 ಎಂಎಲ್, ಸೇರಿಸಬೇಕು. ವಡೆ ಎಲ್ಲಾ ತೆಗೆದಾದ ಮೇಲೆ ಸೇರಿಸಿ, ಮತ್ತೆ ಕಾಯೋವರೆಗೆ ಹಿಟ್ಟು ಮುಟ್ಟಬೇಡಿ. ಕೊನೆಯ ಐದು ಸಲಕ್ಕೆ ಸೇರಿಸೋದು ಬೇಡ, ಇಳಿದ ಮಟ್ಟದಲ್ಲೇ ಮುಗಿಯುತ್ತೆ. 3 ಲೀಟರ್ ಮೊದಲಿಗೆ, 1 ಲೀಟರ್ ಮಧ್ಯೆ, ಚೆಲ್ಲೋದು ಅಂಟೋದು ಅಂತ ಸ್ವಲ್ಪ. 5 ಲೀಟರ್ ತನ್ನಿ, ಎರಡೂವರೆ ಲೀಟರ್ ಬಾಣಲೆಯಲ್ಲಿ ಉಳಿಯುತ್ತೆ, ಮುಕ್ಕಾಲು ಲೀಟರ್‌ನಷ್ಟು ಹೊಸದು ಪ್ಯಾಕೆಟ್‌ನಲ್ಲೇ ಉಳಿಯುತ್ತೆ.

12 ಇಂಚಿನ ಬಾಣಲೆ ಆದ್ರೆ ಒಂದೂವರೆ ಲೀಟರ್‌ನಲ್ಲಿ ಶುರು ಮಾಡಬಹುದು, 3 ಲೀಟರ್ ಸಾಕು. ಆದರೆ ಆರಾರೇ ವಡೆ, 34 ಸಲ, ಮೂರು ಗಂಟೆ ನಿಲ್ಲಬೇಕು.

ನಿಮ್ಮ ಅಡುಗೆಯವರನ್ನ ಬೈಯಬೇಡಿ. ಎರಡು ದೊಡ್ಡ ಬಾಣಲೆ ಒಟ್ಟಿಗೆ ಇಡೋ ಯೋಚನೆ ಇದ್ರೆ ತುಂಬೋಕೇ 6 ಲೀಟರ್ ಹೋಗುತ್ತೆ. ಹಪ್ಪಳ, ಬೋಂಡ ಅದರಲ್ಲೇ ಆಗಬೇಕಾ ಅಂತಾನೂ ಕೇಳಿ.

ವಿರಾಜಪೇಟೆಯ ಸದಸ್ಯರು: ನಾನೂ ನಾಲ್ಕೂವರೆ ಅಂದೆ, ನೀವೂ ಅಲ್ಲಿಗೇ ಬಂದ್ರಿ.

ಕುಶಾಲನಗರದ ಅಡುಗೆಯವರು: ಈ ಸಂಖ್ಯೆಗೆ ಕೂಡಿಬಂತು ಅಷ್ಟೇ ಅಣ್ಣ. ಒಂದು ಕೆಜಿ ಬೇಳೆಗೆ ಒಂದೇ ಲೀಟರ್ ತಂದ್ರೆ 45 ವಡೆ ಕರಿಯೋಷ್ಟರಲ್ಲಿ ತಳ ಕಾಣುತ್ತೆ, ವಡೆ ತೇಲದೆ ತಳಕ್ಕೆ ತಾಗುತ್ತೆ. 20 ಕೆಜಿಗೆ 20 ಲೀಟರ್ ತಂದ್ರೆ ಎರಡು ಬಾಣಲೆ ಇಟ್ಟರೂ 12 ಸಾಕು, ಎಂಟು ಲೀಟರ್ ಬಿಚ್ಚದೇ ಉಳಿಯುತ್ತೆ.

ವಿರಾಜಪೇಟೆಯ ಸದಸ್ಯರು: ಸರಿ. ಆದ್ರೆ 6 ಗ್ರಾಂ ಕುಡಿಯುತ್ತೆ ಅನ್ನೋದು ಒಪ್ಪಲ್ಲ. ಇವತ್ತು ತೂಕ ಮಾಡಿದೆ. 50 ಗ್ರಾಂ ಹಿಟ್ಟು ಬಿಟ್ಟೆ, ವಡೆ ಬಂದಿದ್ದು 43 ಗ್ರಾಂ. ಹಗುರ ಆಗಿದೆ, ಕುಡಿದಿದ್ದೆಲ್ಲಿ?

ಕುಶಾಲನಗರದ ಅಡುಗೆಯವರು: ತೂಕ ಸರಿ ಇದೆ, ಅರ್ಥ ಬೇರೆ. ಎಣ್ಣೆಯಲ್ಲಿ ಗುಳ್ಳೆ ಬರೋದು ಹಿಟ್ಟಿನ ನೀರು ಆವಿಯಾಗಿ ಹೊರಗೆ ಹೋಗೋದರಿಂದ. 13 ಗ್ರಾಂ ನೀರು ಹೋಗಿ 6 ಗ್ರಾಂ ಎಣ್ಣೆ ಬಂದ್ರೂ ತಕ್ಕಡಿ 43 ಅಂತಲೇ ತೋರಿಸುತ್ತೆ. ವಡೆ ತೂಗಿದ್ರೆ ಎಣ್ಣೆ ಗೊತ್ತಾಗಲ್ಲ, ಎಣ್ಣೆಯನ್ನೇ ತೂಗಬೇಕು. ಶುರುವಿಗೆ ಮೊದಲು ಬಾಣಲೆ ಸಮೇತ ಎಣ್ಣೆ ತೂಗಿ. ಮಧ್ಯೆ ಸೇರಿಸಿದ್ದನ್ನ ಬರೆದಿಡಿ. ಪೂರ್ತಿ ಆರಿದ ಮೇಲೆ ಕರಿದ ಚೂರು ಸೋಸಿ ಮತ್ತೆ ತೂಗಿ. ನೀರು ಆವಿಯಾಗಿ ಹೋಗಿರುತ್ತೆ, ಕಮ್ಮಿಯಾಗಿದ್ದು ಎಣ್ಣೆಯೇ. ಬಸಿಯೋ ಪಾತ್ರೆಯ ತಳದಲ್ಲಿ ನಿಂತಿದ್ದನ್ನ, ಕಾಗದ ಹೀರಿದ್ದನ್ನ ಕಳೆದು ವಡೆಯ ಸಂಖ್ಯೆಯಿಂದ ಭಾಗಿಸಿ. ಒಂದು ವಡೆಯಲ್ಲಿ ನೋಡಿದ್ರೆ ತಪ್ಪುತ್ತೆ, ಕಡೇಪಕ್ಷ 40 ಆಗಲಿ.

ಗೋಣಿಕೊಪ್ಪದ ಸದಸ್ಯೆ: ನಮ್ಮ ಚಟ್ಟಂಬಡೆ ಮಾತ್ರ ಎಣ್ಣೆ ಸುರಿಯುತ್ತೆ, ಬಾಳೆಲೆ ಮೇಲೆ ಇಟ್ಟರೆ ಎಲೆಯೇ ಹೊಳೆಯುತ್ತೆ. ಅದಕ್ಕೂ 6 ಗ್ರಾಮಾ? ಉದುರಿಯೂ ಹೋಗುತ್ತೆ.

ಕುಶಾಲನಗರದ ಅಡುಗೆಯವರು: ಅದರ ಲೆಕ್ಕ ಬೇರೆ ಅಕ್ಕ. ಚಪ್ಪಟೆಯಾಗಿ ತಟ್ಟೋದರಿಂದ ಅಷ್ಟೇ ತೂಕಕ್ಕೆ ಮೈ ಜಾಸ್ತಿ, ಜೊತೆಗೆ ಒರಟು. ಕಡಲೆಬೇಳೆಯನ್ನ ಬಸಿಯದೆ ರುಬ್ಬಿದ್ರೆ ಉದುರುತ್ತೆ. ನೆನೆದ ಬೇಳೆಯನ್ನ ಅರ್ಧ ಗಂಟೆ ಜಾಲರಿಯಲ್ಲಿ ಬಸಿದು, ನೀರು ಹಾಕದೆ ತರಿಯಾಗಿ ರುಬ್ಬಿ, ಈರುಳ್ಳಿ ಉಪ್ಪು ಕೊನೇಲಿ ಹಾಕಿ. ಸೋಮವಾರಪೇಟೆಯವರ ಪ್ರಶ್ನೆ ಉದ್ದಿನ ವಡೆಯದು, ಇದನ್ನ ಇಲ್ಲಿಗೆ ಬಿಡ್ತೀನಿ.

ಪ್ರಶ್ನೆ ಕೇಳಿದವರು: ಲೆಕ್ಕ ತಿಳೀತು. ಆದ್ರೆ ನಮ್ಮ ಮನೆಯ ವಡೆ ಹಿಚುಕಿದ್ರೆ ಎಣ್ಣೆ ಬರುತ್ತೆ. 6ಕ್ಕಿಂತ ಖಂಡಿತ ಜಾಸ್ತಿ. ಯಾಕೆ?

ಕುಶಾಲನಗರದ ಅಡುಗೆಯವರು: 10 ಗ್ರಾಂ ಇಳಿದರೂ ಆಶ್ಚರ್ಯ ಇಲ್ಲ, ಆಗ 200ಕ್ಕೆ 2.2 ಲೀಟರ್ ಹೋಯ್ತು. ಹೆಚ್ಚಿನವರು ತಪ್ಪೋದು ಕರಿಯುವಾಗ ಅಲ್ಲ, ತೆಗೆದ ಮೇಲೆ. ಗುಳ್ಳೆ ಬರ್ತಾ ಇರೋವಾಗ ಆವಿ ಹೊರಗೆ ತಳ್ಳುತ್ತೆ, ಎಣ್ಣೆ ಒಳಗೆ ನುಗ್ಗೋಕೆ ಆಗಲ್ಲ. ವಡೆ ಹೊರಗೆ ಬಂದು ತಣಿದಾಗ ಸಿಪ್ಪೆಯೊಳಗಿನ ಆವಿ ನೀರಾಗುತ್ತೆ, ಆ ಖಾಲಿ ಜಾಗ ಮೈಮೇಲಿನ ಎಣ್ಣೆಯನ್ನ ಎಳ್ಕೊಳ್ಳುತ್ತೆ. ಆಮೇಲೆ ಕಾಗದದಲ್ಲಿ ಒತ್ತಿದ್ರೂ ಬರಲ್ಲ. ಹಾಗಾಗಿ ಮೊದಲ ಅರ್ಧ ನಿಮಿಷ ಮುಖ್ಯ. ಜಾಲರಿ ಸೌಟನ್ನ ಬಾಣಲೆಯ ಬಿಸಿ ಮೇಲೇ ಹಿಡಿದು ಎರಡು ಸಲ ಕುಲುಕಿ, 20 ಸೆಕೆಂಡ್ ನಿಲ್ಲಿಸಿ. ಬಿಸಿ ಎಣ್ಣೆ ನೀರಿನ ಥರ ಜಾರಿ ಬೀಳುತ್ತೆ. ಆಮೇಲೆ ತೂತಿನ ಪಾತ್ರೆಯಲ್ಲಿ ಅಂಚು ಕೆಳಗಾಗಿ ನಿಲ್ಲಿಸಿ. ಬುಟ್ಟಿಗೆ ಸುರಿದು ಮುಚ್ಚಳ ಹಾಕಿದ್ರೆ ಮೇಲಿನ ವಡೆಯ ಎಣ್ಣೆ ಕೆಳಗಿನದಕ್ಕೆ, ಜೊತೆಗೆ ಬೆವರಿ ಮೆತ್ತಗೂ ಆಗುತ್ತೆ. ನ್ಯೂಸ್ ಪೇಪರ್ ಬೇಡ, ಶಾಯಿ ಬಿಡುತ್ತೆ.

ಎರಡನೇದು ಹಿಟ್ಟು. ನೀರು ಜಾಸ್ತಿ ಇದ್ದಷ್ಟು ಜಾಸ್ತಿ ನೀರು ಹೊರಗೆ ಹೋಗಬೇಕು, ಅಷ್ಟು ತೂತು, ಅಷ್ಟು ಎಣ್ಣೆ. ಗ್ರೈಂಡರ್‌ಗೆ ನೀರು ಸುರಿಯದೆ ಕೈಯಲ್ಲಿ ಚಿಮುಕಿಸಿ. ನೀರಿನ ಬಟ್ಟಲಲ್ಲಿ ಒಂದು ಹನಿ ಹಿಟ್ಟು ಬಿಟ್ಟರೆ ಒಡೆಯದೆ ತೇಲಬೇಕು. ಉಪ್ಪು ಹಾಕಿ ಒಂದು ಗಂಟೆ ಇಟ್ಟರೆ ಹಿಟ್ಟು ನೀರು ಬಿಡುತ್ತೆ, ಒಲೆ ಹಚ್ಚಿದ ಮೇಲೆ ಉಪ್ಪು ಹಾಕಿ, ಅದೂ ಅರ್ಧರ್ಧ ಹಿಟ್ಟಿಗೆ.

ಮೂರನೇದು ಬಿಸಿ. 170ರಿಂದ 175 ಡಿಗ್ರಿ. ಥರ್ಮಾಮೀಟರ್ ಇಲ್ಲಾಂದ್ರೆ ಕಾಳಿನಷ್ಟು ಹಿಟ್ಟು ಬಿಡಿ. ಎರಡು ಮೂರು ಸೆಕೆಂಡಲ್ಲಿ ಮೇಲೆ ಬಂದು, ಕೂಡಲೇ ಕೆಂಪಾಗದೆ ಇದ್ರೆ ಸರಿ. ತಳದಲ್ಲೇ ಕೂತರೆ ತಣ್ಣಗಿದೆ. ನಮ್ಮ ಕಡೆ ಮಳೆಗಾಲದ ಬೆಳಿಗ್ಗೆ ಹಿಟ್ಟೇ ತಣ್ಣಗಿರುತ್ತೆ, ಹತ್ತರ ಬದಲು ಎಂಟು ಹಾಕಿ.

ವಿರಾಜಪೇಟೆಯ ಸದಸ್ಯರು: ಚಿಟಿಕೆ ಸೋಡಾ ಹಾಕಿದ್ರೆ ಗರಿಗರಿ ಆಗಿ ಎಣ್ಣೆ ಕಮ್ಮಿ ಕುಡಿಯುತ್ತೆ ಅಲ್ವಾ? ಎಣ್ಣೆಗೆ ಹುಣಸೆಹುಳಿ ಉಂಡೆ ಹಾಕೋದೂ ಇದೆ.

ಕುಶಾಲನಗರದ ಅಡುಗೆಯವರು: ಸೋಡಾ ಉಲ್ಟಾ. ಒಳಗೆ ತೂತು ಜಾಸ್ತಿ ಮಾಡುತ್ತೆ, ಎಣ್ಣೆಗೆ ಜಾಗ ಮಾಡಿಕೊಟ್ಟ ಹಾಗೆ, ಬಣ್ಣವೂ ಬೇಗ ಕಪ್ಪಾಗುತ್ತೆ. ಉದ್ದು ಚೆನ್ನಾಗಿ ಕಡೆದರೆ ಗಾಳಿಯೇ ಸಾಕು. ಹುಣಸೆ ಉಂಡೆಯಲ್ಲಿ ನೀರಿನಂಶ ಇರುತ್ತೆ, ಸಿಡಿಯುತ್ತೆ, ಎಚ್ಚರ. ಎಣ್ಣೆ ಕಮ್ಮಿ ಕುಡಿಸುತ್ತೆ ಅನ್ನೋದಕ್ಕೆ ಕಾರಣ ನನಗೆ ಕಾಣ್ತಿಲ್ಲ.

ವಿರಾಜಪೇಟೆಯ ಸದಸ್ಯರು: ನಮ್ಮಲ್ಲಿ ಹಳಬರು ಹಾಕೋದು ಸುಮ್ಮನೆ ಅಲ್ಲ. ಈ ಭಾನುವಾರ ಎರಡು ಬಾಣಲೆಯಲ್ಲಿ ತೂಗಿಯೇ ಹೇಳ್ತೀನಿ.

ಮಡಿಕೇರಿಯ ಸದಸ್ಯೆ: ಎತ್ತರದ ವಿಷಯ ಯಾರೂ ಹೇಳಲಿಲ್ಲ. ಇಲ್ಲಿ ಸಾವಿರ ಮೀಟರ್ ಮೇಲೆ, ನೀರು 96 ಡಿಗ್ರಿಯಲ್ಲೇ ಕುದಿಯುತ್ತೆ. 175 ಇಟ್ಟರೆ ಹೊರಗೆ ಕೆಂಪು, ನಡುವೆ ಹಸಿ. 5–6 ಡಿಗ್ರಿ ಇಳಿಸೋದು ವಾಸಿ.

ಕುಶಾಲನಗರದ ಅಡುಗೆಯವರು: ಹಸಿ ಉಳಿಯೋದು ನಿಜ. ಆದರೆ ಬಿಸಿ ಇಳಿಸಿದ್ರೆ ಹೆಚ್ಚು ಹೊತ್ತು ಬಾಣಲೆಯಲ್ಲಿ ಇರಬೇಕು, ಎಣ್ಣೆ ಏರುತ್ತೆ. ನಾನಾದ್ರೆ ಬಿಸಿ ಹಾಗೇ ಇಟ್ಟು ತೂತು ದೊಡ್ಡದು ಮಾಡಿ ವಡೆ ತೆಳ್ಳಗೆ ಬಿಡ್ತೀನಿ.

ಮಡಿಕೇರಿಯ ಸದಸ್ಯೆ: ತೆಳ್ಳಗೆ ಮಾಡಿದ್ರೆ ಮೈ ಜಾಸ್ತಿ ಆಗಿ ಅದೂ ಕುಡಿಯುತ್ತೆ, ಚಟ್ಟಂಬಡೆಗೆ ನೀವೇ ಹೇಳಿದ್ದು ಅದನ್ನೇ.

ಕುಶಾಲನಗರದ ಅಡುಗೆಯವರು: ಹೌದು, ಆ ಮಾತು ಒಪ್ಪಬೇಕು.

ಪ್ರಶ್ನೆ ಕೇಳಿದವರು: ಉಳಿದ ಎರಡೂವರೆ ಲೀಟರ್ ಏನು ಮಾಡೋದು? ಇಲ್ಲಿ ಸೌದೆ ಒಲೆ, ಅದು ಹೇಳೋದು ಮರೆತೆ.

ಕುಶಾಲನಗರದ ಅಡುಗೆಯವರು: ಸೌದೆ ಒಲೆ ಅಂದ್ರೆ ಎಣ್ಣೆ ಒಮ್ಮೊಮ್ಮೆ ಹೊಗೆಗೆ ಹೋಗುತ್ತೆ. ದಪ್ಪ ಸೌದೆ ಎರಡು ಇಟ್ಟು, ಎಣ್ಣೆ ಕಾದ ಮೇಲೆ ಒಂದನ್ನ ಎಳೆದುಬಿಡಿ, ಕೆಂಡದ ಮೇಲೆ ಕರಿಯಿರಿ. ಒಂದು ಸಲ ಜೋರು ಹೊಗೆ ಬಂತು ಅಂದ್ರೆ ಆ ಎಣ್ಣೆ ಎತ್ತಿಡೋಕೆ ಲಾಯಕ್ಕಲ್ಲ. ಹೊಗೆ ಬರದೆ ಮುಗಿದಿದ್ರೆ ಉಗುರು ಬೆಚ್ಚಗಿರುವಾಗ ಬಟ್ಟೆಯಲ್ಲಿ ಸೋಸಿ, ಹೊಸ ಡಬ್ಬಕ್ಕೆ ಬೆರೆಸದೆ ಬೇರೆ ಇಟ್ಟು, ಹತ್ತು ಹದಿನೈದು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಮತ್ತೆ ಕಾಯಿಸಿದಾಗ ಬಿಳಿ ನೊರೆ ಏರಿ ಇಳಿಯದೆ ನಿಂತರೆ, ಬೆರಳಿಗೆ ಜಿಗುಟಾದರೆ ಬಿಟ್ಟುಬಿಡಿ. ಅಂಥ ಎಣ್ಣೆ ವಡೆಗೆ ಅಂಟಿಕೊಳ್ಳೋದೂ ಜಾಸ್ತಿ, 6 ಗ್ರಾಂ ಲೆಕ್ಕ ಅದರಲ್ಲಿ ನಡೆಯಲ್ಲ. ಹೋಟೆಲಿನವರಿಗೆ 2018ರ ಜುಲೈನಿಂದ ಇದಕ್ಕೊಂದು ಮಿತಿಯೇ ಇದೆ, ಎಣ್ಣೆ ಕಾದು ಕೆಟ್ಟಷ್ಟೂ ಅದರಲ್ಲಿ ಏರೋ ಪೋಲಾರ್ ಅಂಶ ಶೇಕಡ 25 ದಾಟಿದ್ರೆ ಬಳಸುವಂತಿಲ್ಲ. ಮನೇಲಿ ಅದನ್ನ ಅಳೆಯೋ ಮೀಟರ್ ಇರಲ್ಲ, ನೊರೆ ನೋಡಿ.

ಪ್ರಶ್ನೆ ಕೇಳಿದವರು: ಅಡುಗೆಯವರನ್ನ ಕೇಳಿದೆ. ಎರಡು ಬಾಣಲೆಯಂತೆ, ಹಪ್ಪಳವೂ ಅದರಲ್ಲೇ. 8 ಲೀಟರ್ ತರ್ತೀನಿ, ಒಂದು ಪ್ಯಾಕೆಟ್ ಬಿಚ್ಚದೆ ಇಡ್ತೀನಿ.