ಪದಚರ್ಚೆ: ಸೆಂಟನ್ನು ಸಣ್ಣ ಶೀಷೆಗೆ ‘ಬಗ್ಗಿಸು’ವುದೋ, ‘ಒತ್ತಿ ತುಂಬು’ವುದೋ?

ಮಾನ್ಯರೇ,

ಕಾರವಾರದ ನಮ್ಮ ಅಂಗಡಿಯಲ್ಲಿ ಮಾರುವ, ಪ್ರಯಾಣಕ್ಕೆ ಒಯ್ಯುವ 5 ಮಿ.ಲೀ. ಸ್ಪ್ರೇ ಶೀಷೆಯ ಜೊತೆ ಕೊಡಲು ಬಳಕೆಯ ಚೀಟಿಯೊಂದನ್ನು ಬರೆಯುತ್ತಿದ್ದೇನೆ. ‘ಸೆಂಟನ್ನು ಬಗ್ಗಿಸಿ’ ಎಂದು ಬರೆದರೆ ಗಿರಾಕಿಗಳು ಆಲಿಕೆ ಹುಡುಕುತ್ತಾರೆ. ಆದರೆ ಇಲ್ಲಿ ದೊಡ್ಡ ಶೀಷೆಯ ಒತ್ತುವ ಗುಂಡಿಯನ್ನು ಮೇಲಕ್ಕೆಳೆದು ತೆಗೆದು, ಕೆಳಗೆ ಕಾಣುವ ಸಣ್ಣ ನಳಿಕೆಯ ಮೇಲೆ ಹೊಸ ಶೀಷೆಯ ಬುಡದ ತೂತನ್ನು ನೆಟ್ಟಗೆ ಕೂರಿಸಿ ಒತ್ತುತ್ತ ಹೋಗಬೇಕು. ಒಂದು ಒತ್ತಿಗೆ ಹೆಚ್ಚುಕಡಿಮೆ 0.1 ಮಿ.ಲೀ. ಏರುತ್ತದೆ. ಸೆಂಟು ಬೆರಳಿಗೆ ಸೋಕುವುದಿಲ್ಲ, ತೆರೆದ ಗಾಳಿಗೂ ಬೀಳುವುದಿಲ್ಲ. ಶುಚಿಯೆಂದರೆ ಇಲ್ಲಿ ಅದೇ. ಈ ಕ್ರಿಯೆಗೆ ಯಾವ ಪದ ಸರಿ? ‘ಲೀಕ್’ ಎನ್ನುವಲ್ಲಿ ‘ಸೋರು’ ಸಾಕೇ?

ಶಿರಸಿಯಿಂದ:
‘ಬಸಿ’ ಬೇಡ, ಅದು ಗಂಜಿ ಬಸಿಯುವುದಕ್ಕೇ ಇರಲಿ. ‘ಏರಿಸು’ ಎನ್ನಿ. ಇನ್ನೊಂದು ಮಾತು: ವಿಮಾನದಲ್ಲಿ ಗಾಳಿ ಹಿಗ್ಗುವುದರಿಂದ, ಒಳಗೆ ಗಾಳಿಯೇ ಉಳಿಯದಂತೆ ಕಂಠದವರೆಗೆ ತುಂಬಲು ಹೇಳಿ.

ಭಟ್ಕಳದಿಂದ:
ನಾನು ದುಬೈಗೆ ಒಯ್ಯುವುದು ಎಣ್ಣೆಯ ಅತ್ತರು, ಗಾಜಿನ ಕಡ್ಡಿಯ ಶೀಷೆಯಲ್ಲಿ. ಅದನ್ನು ಇದಕ್ಕೆ ತುಂಬಬಹುದೇ? ಉಳಿದ ಸೆಂಟು ಅರ್ಧ ಖಾಲಿಯಾದ 125 ಮಿ.ಲೀ. ಶೀಷೆಯಲ್ಲಿದೆ, ಕೈಚೀಲದಲ್ಲಿ ಬಿಡುತ್ತಾರೆಯೇ?

ಕುಮಟಾದಿಂದ, ರಸಾಯನಶಾಸ್ತ್ರ ಕಲಿಸಿದವನು:
ಅತ್ತರು ಮಂದವಾದ್ದರಿಂದ ಸ್ಪ್ರೇಯ ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ. ಅದನ್ನು ಕಡ್ಡಿಯ ಶೀಷೆಯಲ್ಲೇ ಒಯ್ಯಿರಿ. ಅಂತರರಾಷ್ಟ್ರೀಯ ವಿಮಾನದ ಕೈಚೀಲದಲ್ಲಿ ಲೆಕ್ಕಕ್ಕೆ ಬರುವುದು ಶೀಷೆಯ ಅಳತೆಯೇ ಹೊರತು ಉಳಿದ ದ್ರವವಲ್ಲ. 125 ಮಿ.ಲೀ. ಶೀಷೆ ಅರ್ಧ ಖಾಲಿಯಿದ್ದರೂ 100ರ ಮಿತಿ ಮೀರುತ್ತದೆ.

ಶಿರಸಿಯವರು ಹೇಳಿದ ಕಾರಣ ಸರಿ, ಪರಿಹಾರ ಸರಿಯಲ್ಲ. ಹಾರುವಾಗ ವಿಮಾನದೊಳಗಿನ ಒತ್ತಡ ನೆಲದ ಒತ್ತಡದ ಮುಕ್ಕಾಲು ಪಾಲಿನಷ್ಟಕ್ಕೆ ಇಳಿಯಬಹುದಾದ್ದರಿಂದ ಶೀಷೆಯಲ್ಲಿ ಉಳಿದ ಗಾಳಿ ದ್ರವವನ್ನು ಹೊರಕ್ಕೆ ತಳ್ಳುವುದು ನಿಜ. ಆದರೆ ಕಾರವಾರದ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಆಲ್ಕೋಹಾಲೇ ಹಿಗ್ಗುತ್ತದೆ, ಆಗ ಜಾಗವಿಲ್ಲದಿದ್ದರೆ ಅದು ರಬ್ಬರಿನ ಬಳೆಯ ಅಂಚಿನಿಂದ ಹೊರಬರುತ್ತದೆ. ಹತ್ತರಲ್ಲೊಂದು ಪಾಲು ಖಾಲಿ ಬಿಡಿ: 5 ಮಿ.ಲೀ. ಶೀಷೆಗೆ 45 ಒತ್ತು ಸಾಕು. ಹೀಗೆ ಅಂಚಿನಿಂದ ಬರುವುದಕ್ಕೆ ‘ಒಸರು’ ಎನ್ನಿ. ‘ಸೋರು’ ಎಂದರೆ ಜನ ತೂತು ಹುಡುಕುತ್ತಾರೆ.

ಹೊರಡುವ ಹಿಂದಿನ ರಾತ್ರಿ ಶೀಷೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಜಿಪ್ ಚೀಲಕ್ಕೆ ಹಾಕಿ ಅಡ್ಡ ಮಲಗಿಸಿ. ಬೆಳಿಗ್ಗೆ ಕಲೆ ಹುಡುಕುವುದಕ್ಕಿಂತ ಮೂಸಿ ನೋಡುವುದೇ ಮೇಲು. ಆಲ್ಕೋಹಾಲು ಆರಿಹೋಗಿ ಕಲೆ ಕಾಣದಿದ್ದರೂ ವಾಸನೆ ಕಾಗದದಲ್ಲಿ ಉಳಿದಿರುತ್ತದೆ. ತುಂಬಿದ ಕೂಡಲೇ ಬುಡದಲ್ಲಿ ಕಾಣುವ ಒಂದು ಹನಿಯನ್ನು ಮಾತ್ರ ದೋಷವೆನ್ನಬೇಡಿ, ಒರೆಸಿದರೆ ಸಾಕು. ಬೇರೆ ಸೆಂಟು ತುಂಬುವುದಾದರೆ ಶುದ್ಧ ಆಲ್ಕೋಹಾಲಿನಿಂದ ತೊಳೆದು ಪೂರ್ತಿ ಒಣಗಿಸಿ. ನೀರು ಉಳಿದರೆ ಸೆಂಟು ಮಬ್ಬಾಗುತ್ತದೆ.

ಕಾರವಾರದಿಂದ:
‘ಒಸರು’ ಒಪ್ಪಿದೆ, ಚೀಟಿಗೆ ಸೇರಿಸುತ್ತೇನೆ. ‘ಬುಡದಿಂದ ಒತ್ತಿ ತುಂಬಿ’ ಎಂದು ಬರೆಯಲೇ?

ಶಿರಸಿಯಿಂದ:
ಕಂಠದವರೆಗೆ ಎಂದದ್ದನ್ನು ಬಿಟ್ಟೆ. ‘ಏರಿಸು’ ಮಾತ್ರ ಬಿಡಲಾರೆ. ದ್ರವ ಕೆಳಗಿನಿಂದ ಮೇಲಕ್ಕೆ ಹೋಗುವುದನ್ನು ‘ತುಂಬು’ ಹೇಳುವುದಿಲ್ಲ.